ಹುಳು ಮನೆ ಪರದೆಗೆ ಮ್ಯಾಗ್ನೆಟ್ ಬ್ಲಾಕ್: 3ಡಿ ಪ್ರಿಂಟ್ ನಡುವೆ ನಿಲ್ಲಿಸಿ ಮ್ಯಾಗ್ನೆಟ್, ನಟ್ ಒಳಗೇ ಕೂರಿಸುವುದು ಹೇಗೆ

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯವರು ರೇಷ್ಮೆ ಸಾಕುತ್ತಾರೆ. ಹುಳು ಮನೆಯ ಬಾಗಿಲಿಗೆ ನೈಲಾನ್ ಪರದೆ ಇದೆ. ಊಜಿ ನೊಣ ಒಳಗೆ ಬಂದರೆ ಹುಳುಗಳ ಮೇಲೆ ಮೊಟ್ಟೆ ಇಡುತ್ತದೆ, ಆಮೇಲೆ ಆ ಹುಳು ಉಳಿಯೋದಿಲ್ಲ. ಹಾಗಾಗಿ ಪರದೆ ಸದಾ ಮುಚ್ಚಿರಬೇಕು. ಆದರೆ ಚಿಕ್ಕಮ್ಮ ಹೇಳಿದ್ದು ಇಷ್ಟೇ: "ಎರಡು ಕೈಯಲ್ಲೂ ಸೊಪ್ಪು ಹಿಡ್ಕೊಂಡು ಒಳಗೆ ಹೋಗ್ತೀನಪ್ಪಾ, ಹಿಂದೆ ತಿರುಗಿ ಪರದೆ ಸಿಗಿಸೋಕೆ ಕೈ ಎಲ್ಲಿದೆ?"

ಪರದೆ ತಾನಾಗಿ ಹೋಗಿ ಚೌಕಟ್ಟಿಗೆ ಕಚ್ಚಿಕೊಳ್ಳಬೇಕು. ಅದಕ್ಕೆ ಮ್ಯಾಗ್ನೆಟ್ ಸರಿ ಅಂತ ಮೊದಲು ಪ್ಲಾಸ್ಟಿಕ್ ತುಂಡುಗಳ ಮೇಲೆ ಮ್ಯಾಗ್ನೆಟ್ ಅಂಟಿಸಿ ಕೊಟ್ಟೆ. ಒಂದು ಬೆಳೆ ಮುಗಿಯುವಷ್ಟರಲ್ಲಿ ಎರಡು ಕಿತ್ತುಬಂದವು. ಮನೆ ತೊಳೆಯುವಾಗ ಬ್ಲೀಚಿಂಗ್ ಪೌಡರ್ ನೀರು ಬಿದ್ದ ಕಡೆ ಮ್ಯಾಗ್ನೆಟ್‌ನ ಹೊಳಪು ಎದ್ದು, ಕೆಳಗೆ ತುಕ್ಕಿನ ಪುಡಿ ಕಾಣಿಸಿತು. ನಿಯೋಡಿಮಿಯಂ ಮ್ಯಾಗ್ನೆಟ್‌ನಲ್ಲಿ ಕಬ್ಬಿಣವೇ ಜಾಸ್ತಿ. ಮೇಲಿನ ನಿಕ್ಕಲ್ ಲೇಪ ಒಂದು ಕಡೆ ಬಿಟ್ಟರೆ ಸಾಕು, ಒಳಗಿಂದ ಉಬ್ಬಿ ಉದುರುತ್ತದೆ.

ಎರಡಕ್ಕೂ ಒಂದೇ ಮದ್ದು. 3ಡಿ ಪ್ರಿಂಟ್ ಅರ್ಧಕ್ಕೆ ನಿಲ್ಲಿಸಿ, ಗುಳಿಯೊಳಗೆ ಮ್ಯಾಗ್ನೆಟ್ ಇಟ್ಟು, ಅದರ ಮೇಲೆ ಪ್ರಿಂಟ್ ಮುಂದುವರಿಸೋದು. ಹೀಗೆ ಮಾಡಿದರೆ ಅಂಟಿನ ಕೆಲಸವೇ ಬದಲಾಗುತ್ತದೆ. ಮೇಲೆ ಅಂಟಿಸಿದ ಮ್ಯಾಗ್ನೆಟ್‌ನಲ್ಲಿ, ಪರದೆ ತೆಗೆದಾಗಲೆಲ್ಲ ಎಳೆತ ಬೀಳೋದು ಅಂಟಿನ ಮೇಲೆ. ಒಳಗೆ ಕೂರಿಸಿದರೆ ಆ ಎಳೆತವನ್ನು ಪ್ಲಾಸ್ಟಿಕ್ ತಡೆಯುತ್ತದೆ. ಅಂಟು ಬೇಕಾಗೋದು ಮುಚ್ಚಳ ಬೀಳುವ ತನಕ ಮ್ಯಾಗ್ನೆಟ್ ಅಲುಗದ ಹಾಗೆ ಹಿಡಿಯೋಕೆ, ಅಷ್ಟೇ. ಗುಳಿಯ ಅಳತೆ, ಅಂಟಿನ ಆಯ್ಕೆ ಎಲ್ಲವೂ ಇದೊಂದು ಮಾತಿನ ಮೇಲೆ ನಿಂತಿವೆ.

ಬ್ಲಾಕ್‌ನ ಆಕಾರ

ಬಾಗಿಲಿಗೆ ನಾಲ್ಕು ಜೋಡಿ, ಅಂದರೆ ಎಂಟು ಬ್ಲಾಕ್. ನಾಲ್ಕು ಚೌಕಟ್ಟಿನ ಮೇಲೆ, ನಾಲ್ಕು ಪರದೆಯ ಅಂಚಿನಲ್ಲಿ. ಎಲ್ಲದರ ಆಕಾರ ಒಂದೇ: 34 ಮಿ.ಮೀ. ಉದ್ದ, 16 ಅಗಲ, 8 ಎತ್ತರ. ಪ್ರತಿಯೊಂದರ ಒಳಗೆ 10 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಒಂದು ಮ್ಯಾಗ್ನೆಟ್, ಪಕ್ಕದಲ್ಲಿ ಒಂದು ಎಂ4 ನಟ್. ಪರದೆ ಕಡೆ, ಬ್ಲಾಕ್‌ಗೂ 4 ಮಿ.ಮೀ. ದಪ್ಪದ ಒಂದು ಪಟ್ಟಿಗೂ ನಡುವೆ ಬಲೆಯ ಅಂಚು ಸಿಕ್ಕಿ, ಬೋಲ್ಟ್ ಬಿಗಿದರೆ ಹಿಡಿದುಕೊಳ್ಳುತ್ತದೆ. ಚೌಕಟ್ಟಿನ ಕಡೆ, ಒಂದಿಂಚಿನ ಅಲ್ಯೂಮಿನಿಯಂ ಸೆಕ್ಷನ್‌ಗೆ ಹಿಂದಿನಿಂದ ಬೋಲ್ಟ್ ಹಾದು ಬಂದು ಇದೇ ನಟ್‌ಗೆ ಕೂರುತ್ತದೆ.

ನಟ್ ಸ್ಟೇನ್‌ಲೆಸ್‌ನದ್ದೇ ತಗೊಳ್ಳಿ. ತುಕ್ಕು ಹಿಡಿಯೋದಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ಮಾಮೂಲಿ ಕಬ್ಬಿಣದ ನಟ್ ಆದರೆ ಪಕ್ಕದ ಮ್ಯಾಗ್ನೆಟ್ ಅದನ್ನು ಎಳೆಯುತ್ತದೆ. ಪ್ರಿಂಟ್ ನಿಂತಿರುವಾಗ ಒಂದನ್ನು ಇಡೋಕೆ ಹೋದರೆ ಇನ್ನೊಂದು ಹಾರಿ ಬಂದು ಅಂಟಿಕೊಳ್ಳುತ್ತದೆ. 304 ಸ್ಟೇನ್‌ಲೆಸ್‌ನ ನಟ್‌ಗೆ ಮ್ಯಾಗ್ನೆಟ್ ಹಿಡಿಯೋದು ತೀರಾ ಕಡಿಮೆ.

ಪ್ಲಾಸ್ಟಿಕ್ ಪಿಇಟಿಜಿ. ಬಾಗಿಲು ಪಡುವಣಕ್ಕಿದೆ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಬೀಳುತ್ತದೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಅದರ ಮೇಲೆ ಬೋಲ್ಟ್‌ನ ಒತ್ತಡವೂ ಇದ್ದರೆ ನಿಧಾನವಾಗಿ ಜರಿಯುತ್ತದೆ. ಪಿಇಟಿಜಿ ಸುಮಾರು 80ರ ತನಕ ತಡೆಯುತ್ತದೆ.

ಇಲ್ಲೇ ಮ್ಯಾಗ್ನೆಟ್‌ನ ಮಿತಿಯನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಎನ್35, ಎನ್52 ತರಹದ ಮ್ಯಾಗ್ನೆಟ್‌ಗೆ 80 ಡಿಗ್ರಿ ಮೇಲಿನ ಗಡಿ. ಅದನ್ನು ದಾಟಿದರೆ ಶಕ್ತಿ ಶಾಶ್ವತವಾಗಿ ಇಳಿಯಬಹುದು, ತೆಳು ಮ್ಯಾಗ್ನೆಟ್ ಇನ್ನೂ ಬೇಗ. ನಮ್ಮ ಮ್ಯಾಗ್ನೆಟ್ ಬೆಡ್‌ನಿಂದ ಬರೀ 0.6 ಮಿ.ಮೀ. ಮೇಲೆ ಗಂಟೆಗಟ್ಟಲೆ ಕೂತಿರುತ್ತದೆ. ಆದ್ದರಿಂದ ಬೆಡ್ 70 ಡಿಗ್ರಿಯಲ್ಲಿ ಇಡಿ, ಪಿಇಟಿಜಿಗೆ ಅಷ್ಟು ಸಾಕು. ನಳಿಕೆ 240ರಲ್ಲಿದ್ದರೂ ಪರವಾಗಿಲ್ಲ, ಅದು ಒಂದೇ ಜಾಗದಲ್ಲಿ ನಿಲ್ಲೋದಿಲ್ಲ, ಹಾಕುವ ಪ್ಲಾಸ್ಟಿಕ್ ಎಳೆಯೂ ತೆಳು. ಎಬಿಎಸ್‌ಗೆ ಬೆಡ್ 100 ಡಿಗ್ರಿ ಬೇಕು. ಅದರಲ್ಲಿ ಮಾಡುವುದಾದರೆ ಹೆಸರಿನ ಕೊನೆಗೆ ಎಚ್ ಅಥವಾ ಎಸ್‌ಎಚ್ ಇರುವ ಮ್ಯಾಗ್ನೆಟ್ ಹುಡುಕಬೇಕು. ಅವು 120, 150 ಡಿಗ್ರಿಯ ತನಕ ತಡೆಯುವಂಥವು.

ಗುಳಿಯ ಅಗಲ

10 ಮಿ.ಮೀ. ಮ್ಯಾಗ್ನೆಟ್‌ಗೆ 10 ಮಿ.ಮೀ. ಗುಳಿ ಬರೆದರೆ ಅದು ಕೂರೋದಿಲ್ಲ. ಪ್ರಿಂಟ್ ಆದ ತೂತು ಬರೆದ ಅಳತೆಗಿಂತ ಚಿಕ್ಕದಾಗಿಯೇ ಬರುತ್ತದೆ. ನಳಿಕೆ ಒಳ ಅಂಚಿನಲ್ಲಿ ಸುತ್ತುವಾಗ ಬಿಸಿ ಎಳೆ ಕೇಂದ್ರದ ಕಡೆ ಸ್ವಲ್ಪ ಎಳೆದುಕೊಳ್ಳುತ್ತದೆ. ಅದಲ್ಲದೆ ಡಿಸೈನ್ ಫೈಲ್‌ನಲ್ಲಿ ವೃತ್ತ ಅನ್ನೋದು ನಿಜವಾದ ವೃತ್ತವಲ್ಲ, ಹಲವು ಬದಿಗಳ ಆಕಾರ. 20 ಬದಿ ಮಾತ್ರ ಇದ್ದರೆ ಬದಿಯಿಂದ ಬದಿಗೆ ಅಳೆದಾಗ 0.12 ಮಿ.ಮೀ.ಗಿಂತ ಜಾಸ್ತಿ ಕಳೆದುಹೋಗುತ್ತದೆ. 96 ಬದಿ ಕೊಟ್ಟರೆ ಆ ನಷ್ಟ ಲೆಕ್ಕಕ್ಕೇ ಬರೋದಿಲ್ಲ.

ಎಷ್ಟು ಬಿಡಬೇಕು ಅನ್ನೋದು ನಿಮ್ಮ ಪ್ರಿಂಟರ್ ಹೇಳಬೇಕು. 3 ಮಿ.ಮೀ. ದಪ್ಪದ ಒಂದು ಚಿಕ್ಕ ಪಟ್ಟಿಯಲ್ಲಿ 10.1, 10.2, 10.3, 10.4 ವ್ಯಾಸದ ನಾಲ್ಕು ಗುಳಿ ಹಾಕಿ, ಅದೇ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿ ನೋಡಿ. ಪಕ್ಕದಲ್ಲೇ ನಟ್‌ಗೆ 7.1, 7.2, 7.3ರ ಮೂರು ಷಟ್ಕೋನ. ಮ್ಯಾಗ್ನೆಟ್ ಬೆರಳ ತುದಿಯಲ್ಲಿ ಮುಟ್ಟಿದರೆ ಇಳಿಯಬೇಕು, ಪಟ್ಟಿ ಬಗ್ಗಿಸಿ ಮಗುಚಿದರೆ ಬೀಳಬೇಕು. ನನಗೆ 10.2 ಸ್ವಲ್ಪ ಬಿಗಿ, 10.3 ಸಡಿಲ. ಹಾಗಾಗಿ 10.25 ಇಟ್ಟುಕೊಂಡೆ.

ಬಿಗಿಯಾಗಿ ಒತ್ತಿ ಕೂರಿಸಿದರೆ ಅಂಟೇ ಬೇಡವಲ್ಲ ಅಂತ ಅನಿಸಬಹುದು. ಪ್ರಿಂಟ್ ಮುಗಿದ ಮೇಲೆ, ಕೈಯಲ್ಲಿ ಹಿಡಿದು ಒತ್ತುವ ತುಂಡಿಗೆ ಅದು ಸರಿ. ಇಲ್ಲಿ ಬೇಡ. ಅರ್ಧ ಮುಗಿದ ಬ್ಲಾಕ್ ಬೆಡ್ ಮೇಲೆ ನಿಂತಿರುತ್ತದೆ. ಮೇಲಿಂದ ಬಲವಾಗಿ ಒತ್ತಿದರೆ ಬ್ಲಾಕ್ ಬೆಡ್‌ನಿಂದ ಬಿಡಬಹುದು, ಇಲ್ಲವೇ ಬೆಡ್ಡೇ ಒಂದು ಚೂರು ಸರಿಯಬಹುದು. ಸರಿದರೆ ಅಲ್ಲಿಂದ ಮೇಲಿನ ಎಲ್ಲ ಲೇಯರ್ ಪಕ್ಕಕ್ಕೆ ಜರುಗಿ ಬೀಳುತ್ತವೆ.

ನಟ್‌ನಲ್ಲಿ ಎಲ್ಲರೂ ಒಮ್ಮೆಯಾದರೂ ತಪ್ಪುವ ಜಾಗ ಬೇರೆ. ಎಂ4 ನಟ್‌ನ ಎದುರುಬದುರು ಬದಿಗಳ ನಡುವೆ, ಅಂದರೆ ಸ್ಪ್ಯಾನರ್ ಹಿಡಿಯುವ ಕಡೆ, 7 ಮಿ.ಮೀ. ಆದರೆ ಓಪನ್‌ಸ್ಕ್ಯಾಡ್‌ನಲ್ಲಿ ಆರು ಬದಿಯ ಸಿಲಿಂಡರ್‌ಗೆ ಕೊಡುವ ವ್ಯಾಸ ಮೂಲೆಯಿಂದ ಮೂಲೆಗೆ. ಅಲ್ಲಿ 7.2 ಅಂತ ಬರೆದರೆ ಗುಳಿಯ ಬದಿಗಳ ನಡುವೆ ಬರೀ 6.2 ಸಿಗುತ್ತದೆ. 7.2ನ್ನು 30 ಡಿಗ್ರಿಯ ಕೊಸೈನ್‌ನಿಂದ ಭಾಗಿಸಿ, ಸುಮಾರು 8.31 ಕೊಡಬೇಕು. ಅಳತೆ ಜಾಸ್ತಿಯಾದರೂ ತೊಂದರೆಯೇ. 7.6ರಂತೆ ಸಡಿಲ ಬಿಟ್ಟರೆ ಬೋಲ್ಟ್ ಬಿಗಿಯುವಾಗ ನಟ್‌ನ ಮೂಲೆಗಳು ಪ್ಲಾಸ್ಟಿಕ್ ಕೆರೆದು ಒಳಗೇ ಸುತ್ತುತ್ತವೆ. ಮುಚ್ಚಿದ ಮೇಲೆ ಸುತ್ತುವ ನಟ್‌ಗೆ ಯಾವ ದಾರಿಯೂ ಇಲ್ಲ.

ಗುಳಿಯ ಆಳ

ಕೆಲಸ ಕೆಡೋದು ಜಾಸ್ತಿ ಇಲ್ಲಿಯೇ, ಅದಕ್ಕೆ ನಿಧಾನವಾಗಿ ಹೋಗೋಣ.

ನಿಯಮ ಎರಡು. ಮ್ಯಾಗ್ನೆಟ್‌ನ ತಲೆ ಗುಳಿಯ ಬಾಯಿಗಿಂತ ಕೆಳಗೇ ಇರಬೇಕು. ಗುಳಿಯ ಬಾಯಿ ಸರಿಯಾಗಿ ಒಂದು ಲೇಯರ್ ಮುಗಿಯುವ ಎತ್ತರದಲ್ಲೇ ಬರಬೇಕು.

ನಾನು ಎಲ್ಲ ಲೇಯರ್ 0.2 ಮಿ.ಮೀ. ಇಡುತ್ತೇನೆ, ಮೊದಲನೆಯದೂ ಸೇರಿ. ಮ್ಯಾಗ್ನೆಟ್‌ನ ಕೆಳಗೆ ಮೂರು ಲೇಯರ್ ತಳ, ಅಂದರೆ 0.6. ಈ ತಳವೇ ಎದುರಿನ ಬ್ಲಾಕ್‌ಗೆ ತಾಗುವ ಮುಖ. ಇದನ್ನು 0.4 ಮಾಡಿದರೆ ಹಿಡಿತ ಜೋರಾಗುತ್ತದೆ, ಆದರೆ ಎರಡು ಬ್ಲಾಕ್ ಪಟ್ಟನೆ ಬಡಿದುಕೊಳ್ಳುವಾಗ ಅಷ್ಟು ತೆಳು ಮುಖ ಬಿರುಕು ಬಿಡುವ ಭಯ. 1 ಮಿ.ಮೀ. ಮಾಡಿದರೆ ಎರಡೂ ಕಡೆ ಸೇರಿ ಮ್ಯಾಗ್ನೆಟ್‌ಗಳ ನಡುವೆ 2 ಮಿ.ಮೀ. ಅಂತರವಾಗುತ್ತದೆ. ಅಂತರ ಸ್ವಲ್ಪ ಹೆಚ್ಚಿದರೂ ಮ್ಯಾಗ್ನೆಟ್‌ನ ಎಳೆತ ಬೇಗ ಬೀಳುತ್ತದೆ, ಗಾಳಿ ಬಂದರೆ ಪರದೆ ಬಿಟ್ಟುಕೊಳ್ಳುತ್ತದೆ.

ತಳ 0.6ಕ್ಕೆ ಮುಗಿಯಿತು. ಅಲ್ಲಿಂದ ಗುಳಿಯ ಆಳ 3.2. ಬಾಯಿ 3.8ಕ್ಕೆ ಬಂತು, ಅದು 19ನೇ ಲೇಯರ್‌ನ ಮೇಲ್ಮೈ. ಮ್ಯಾಗ್ನೆಟ್‌ನ ತಲೆ 3.6ರಲ್ಲಿದೆ, ಮೇಲೆ 0.2 ಜಾಗ. ಅಂಟಿನ ತೆಳು ಪದರಕ್ಕೂ, ಮ್ಯಾಗ್ನೆಟ್‌ನ ದಪ್ಪದಲ್ಲಿ ಬರುವ 0.1ರ ಹೆಚ್ಚುಕಡಿಮೆಗೂ ಆ ಜಾಗ ಬೇಕು.

ನಟ್ ಕೂಡ ಇದೇ ನಿಲುಗಡೆಯಲ್ಲಿ ಕೂರಬೇಕು, ಎರಡು ಸಲ ಪ್ರಿಂಟ್ ನಿಲ್ಲಿಸುವ ತಾಪತ್ರಯ ಬೇಡ. ಎಂ4 ನಟ್‌ನ ದಪ್ಪ 3.2. ಹಾಗಾಗಿ ಅದರ ಗುಳಿಯನ್ನು ಎರಡು ಲೇಯರ್ ಬಿಟ್ಟು 0.4ರಿಂದ ಶುರು ಮಾಡಿ 3.4 ಆಳ ಕೊಟ್ಟೆ. ಅದರ ಬಾಯಿಯೂ 3.8ಕ್ಕೇ ಬಂತು.

ಮೊದಲ ಲೇಯರ್ ಅನ್ನು ಸುಮ್ನೆ 0.3 ಇಡುವ ಅಭ್ಯಾಸ ಇದ್ದರೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಆಗ ಲೇಯರ್‌ಗಳು 3.7, 3.9ಕ್ಕೆ ಮುಗಿಯುತ್ತವೆ, 3.8 ಅನ್ನುವ ಗಡಿಯೇ ಇರೋದಿಲ್ಲ. ಸ್ಲೈಸರ್ ಅದನ್ನು ಯಾವ ಕಡೆಗೆ ಬೇಕಾದರೂ ಹಾಕಬಹುದು. 0.1 ಕಡಿಮೆಯಾದರೆ ನಳಿಕೆ ಮ್ಯಾಗ್ನೆಟ್‌ಗೆ ಉಜ್ಜುತ್ತದೆ.

ಇನ್ನೊಂದು ಕಷ್ಟ ನಟ್‌ನ ಮೇಲಿನ ಬೋಲ್ಟ್ ತೂತು. ಮ್ಯಾಗ್ನೆಟ್‌ನ ಮೇಲೆ ಮುಚ್ಚಳ ಹಾಕೋದು ಸುಲಭ. ಈ ಗೋಡೆಯಿಂದ ಆ ಗೋಡೆಗೆ 10 ಮಿ.ಮೀ. ಉದ್ದ ಎಳೆಗಳು ಸೇತುವೆಯ ಹಾಗೆ ಹಾಯುತ್ತವೆ. ಆದರೆ ನಟ್‌ನ ಮೇಲೆ ಮುಚ್ಚಳದ ನಡುವೆಯೇ ತೂತು ಬೇಕು. ತೂತಿನ ಸುತ್ತಿನ ಉಂಗುರಕ್ಕೆ ಆಧಾರವೇ ಇರೋದಿಲ್ಲ, ಎಳೆ ಜೋತು ಬಿದ್ದು ನಟ್‌ನ ಮರೆಯೊಳಗೆ, ಅಂದರೆ ಥ್ರೆಡ್‌ಗೆ, ಇಳಿಯುತ್ತದೆ. ಉಪಾಯ ಏನೆಂದರೆ, ಮುಚ್ಚಳದ ಮೊದಲ ಲೇಯರ್‌ನಲ್ಲಿ ತೂತೇ ಇಡಬೇಡಿ. 3.8ರಿಂದ 4.0ರ ತನಕ ಪೂರ್ತಿ ಮುಚ್ಚಿ, ತೂತನ್ನು 4.0ರಿಂದ ಶುರು ಮಾಡಿ. ಆ 0.2ರ ಪೊರೆಯನ್ನು ಆಮೇಲೆ ಬೋಲ್ಟ್‌ನ ತುದಿಯೇ ಚುಚ್ಚಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಸೇರಿದ ಡಿಸೈನ್ ಇದು:

```
difference() {
  cube([34, 16, 8]);
  translate([10, 8, 0.6]) cylinder(d=10.25, h=3.2, $fn=96);
  translate([26, 8, 0.4]) cylinder(d=7.2/cos(30), h=3.4, $fn=6);
  translate([26, 8, -1])  cylinder(d=4.4, h=3, $fn=48);
  translate([26, 8, 4.0]) cylinder(d=4.4, h=5, $fn=48);
}
```

ಮೂರನೇ ಸಿಲಿಂಡರ್ ನಟ್‌ನ ಕೆಳಗಿನ ತೂತು. ಬೋಲ್ಟ್‌ನ ತುದಿ ತಳವನ್ನು ಒತ್ತಿ ಒಡೆಯದಿರಲಿ ಅಂತ. ನಟ್‌ನ ಮೇಲೆ 4 ಮಿ.ಮೀ.ಗಿಂತ ಹೆಚ್ಚು ಪ್ಲಾಸ್ಟಿಕ್ ಇದೆ, ಬೋಲ್ಟ್ ಬಿಗಿದಾಗ ನಟ್ ಮೇಲಕ್ಕೆ ಎಳೆಯೋದು ಆ ದಪ್ಪ ಕಡೆಗೇ. ನಟ್ ಯಾವಾಗಲೂ ಬೋಲ್ಟ್‌ನ ತಲೆಯಿಂದ ದೂರದ ಕಡೆ ಇರಬೇಕು, ನಡುವೆ ದಪ್ಪ ಪ್ಲಾಸ್ಟಿಕ್ ಇರಬೇಕು. ಹೊರ ಗೋಡೆಗಳನ್ನು ನಾಲ್ಕು ಸುತ್ತು ಇಡಿ, ಒಳಗಿನ ತುಂಬುವಿಕೆ ಶೇ. 40.

ಎಲ್ಲಿ ನಿಲ್ಲಿಸಬೇಕು

19ನೇ ಲೇಯರ್ ಮುಗಿದು, 20ನೆಯದು ಶುರುವಾಗುವ ಮೊದಲು ನಿಲ್ಲಬೇಕು. ಪ್ರೂಸಾ ಸ್ಲೈಸರ್ ಮತ್ತು ಆರ್ಕಾದಲ್ಲಿ ಸ್ಲೈಸ್ ಮಾಡಿದ ಮೇಲೆ ಬಲಗಡೆಯ ಉದ್ದ ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಎಳೆಯುತ್ತಾ ಹೋಗಿ. ಗುಳಿಗಳು ಕಾಣುತ್ತಿರುತ್ತವೆ, ಒಂದು ಹೆಜ್ಜೆಗೆ ಥಟ್ಟನೆ ಮುಚ್ಚಿಹೋಗುತ್ತವೆ. ಮುಚ್ಚಿದ ಆ ಲೇಯರ್‌ನಲ್ಲೇ ನಿಂತು, ಕೂಡು ಗುರುತಿನ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ `Add pause print` ಅಥವಾ `Add Pause` ಆರಿಸಿ. ನಿಲುಗಡೆ ಆ ಲೇಯರ್‌ಗೆ ಮುಂಚೆ ಬರುತ್ತದೆ. ಕ್ಯೂರಾದಲ್ಲಿ `Extensions`, `Post Processing`, `Modify G-Code` ಹಾದಿಯಲ್ಲಿ `Pause at Height` ಸಿಗುತ್ತದೆ.

ಯಾವ ಸ್ಲೈಸರ್ ಆದರೂ, ಜಿ-ಕೋಡ್ ಫೈಲ್ ತೆರೆದು ಒಮ್ಮೆ ಕಣ್ಣಾಡಿಸಿ. ಎರಡು ನಿಮಿಷದ ಕೆಲಸ, ಐದು ಗಂಟೆಯ ಪ್ರಿಂಟ್ ಉಳಿಸುತ್ತದೆ. ಪ್ರೂಸಾ ಸ್ಲೈಸರ್‌ನ ಫೈಲ್‌ನಲ್ಲಿ ನಿಲುಗಡೆಯ ಗುರುತು ಹೀಗೆ, `;Z:4` ಅನ್ನುವ ಸಾಲಿನ ನಂತರ ಇರಬೇಕು:

```
;LAYER_CHANGE
;Z:4
;HEIGHT:0.2
;PAUSE_PRINT
M601
```

ನಡುವೆ ಬೇರೆ ಸಾಲುಗಳಿರಬಹುದು. ಪ್ಲಾಸ್ಟಿಕ್ ಹಾಕುವ ಸಾಲು ಮಾತ್ರ ಇರಬಾರದು. ಕ್ಯೂರಾ ತನ್ನ ಫೈಲ್‌ನಲ್ಲಿ ಲೇಯರ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಅಲ್ಲಿ `;LAYER:19` ಅಂದರೆ ನಮ್ಮ 20ನೇ ಲೇಯರ್. ಬಹಳ ಜನ ಒಂದು ಲೇಯರ್ ಹೆಚ್ಚುಕಡಿಮೆ ನಿಲ್ಲಿಸೋದು ಈ ಎಣಿಕೆಯಿಂದಲೇ.

ನಿಂತಾಗ ಮೋಟರ್‌ಗಳು ಬಿಡುವು ತಗೊಳ್ಳಬಾರದು. ಮಾರ್ಲಿನ್ ಇರುವ ಪ್ರಿಂಟರ್‌ಗಳಲ್ಲಿ ಕೆಲಸವಿಲ್ಲದೆ ಇದ್ದರೆ ಸಾಮಾನ್ಯವಾಗಿ 120 ಸೆಕೆಂಡಿಗೆ ಮೋಟರ್ ಹಿಡಿತ ಬಿಡುತ್ತದೆ. ಆಮೇಲೆ ಬೆಡ್‌ಗೆ ಕೈ ತಾಗಿದರೆ ಸಾಕು, ಜಾಗ ತಪ್ಪುತ್ತದೆ. ಶುರುವಿನ ಜಿ-ಕೋಡ್‌ನಲ್ಲೇ ಆ ಗಡಿಯಾರವನ್ನು ನಿಲ್ಲಿಸಿಬಿಡಿ:

```
M84 S0
```

ಕ್ಲಿಪ್ಪರ್ ಆದರೆ ಮಾಮೂಲಿ 600 ಸೆಕೆಂಡಿಗೆ ಬಿಸಿಯನ್ನೂ ಆರಿಸಿಬಿಡುತ್ತದೆ. ಅದಕ್ಕೆ ಹೀಗೆ:

```
SET_IDLE_TIMEOUT TIMEOUT=3600
```

ಬೆಡ್ ತಣ್ಣಗಾಗಬಾರದು. ತಣ್ಣಗಾದರೆ ಬ್ಲಾಕ್‌ಗಳು ಟಕ್ ಅಂತ ಬಿಟ್ಟುಕೊಳ್ಳುತ್ತವೆ. ಕರೆಂಟ್ ಹೋಗುವ ಹೊತ್ತು ನಿಮ್ಮೂರಲ್ಲಿ ಯಾವುದು ಅಂತ ನಿಮಗೇ ಗೊತ್ತಿರುತ್ತದೆ, ನಿಲುಗಡೆ ಆ ಹೊತ್ತಿಗೆ ಬೀಳದ ಹಾಗೆ ಶುರು ಮಾಡಿ.

ಯಾವ ಅಂಟು

ಮ್ಯಾಗ್ನೆಟ್‌ಗೆ ಅಂಟು ಬೇಕೇ ಬೇಕು. ಹಿತ್ತಾಳೆ ನಳಿಕೆಯನ್ನೂ ಅಲ್ಯೂಮಿನಿಯಂ ಬ್ಲಾಕನ್ನೂ ಮ್ಯಾಗ್ನೆಟ್ ಎಳೆಯೋದಿಲ್ಲ, ನಿಜ. ಆದರೆ ತಲೆಯಲ್ಲಿ ಉಕ್ಕಿನ ಸ್ಕ್ರೂಗಳಿವೆ, ಫ್ಯಾನ್‌ನ ಮೋಟರ್ ಇದೆ. ಗಟ್ಟಿ ಉಕ್ಕಿನ ನಳಿಕೆ ಹಾಕಿದ್ದರಂತೂ ಅದು ಹತ್ತಿರ ಬಂದ ಕೂಡಲೇ ಮ್ಯಾಗ್ನೆಟ್ ಎದ್ದು ಅಂಟಿಕೊಳ್ಳುತ್ತದೆ. ಕೆಳಗೆ ಉಕ್ಕಿನ ಪ್ಲೇಟ್ ಇದ್ದರೆ ಮ್ಯಾಗ್ನೆಟ್ ಅದರ ಕಡೆ ಎಳೆದುಕೊಂಡು ತಾನೇ ಕೂರುತ್ತದೆ, ಅದು ನಮ್ಮ ಪುಣ್ಯ. ಗಾಜಿನ ಬೆಡ್‌ನಲ್ಲಿ ಆ ಸಹಾಯ ಇಲ್ಲ.

ನಾನು ಬಳಸೋದು ಫೆವಿಕ್ವಿಕ್ ತರಹದ ಬೇಗ ಹಿಡಿಯುವ ಅಂಟು. ಗುಳಿಯ ತಳದ ನಡುವೆ ಸಾಸಿವೆ ಕಾಳಿನಷ್ಟು ಒಂದು ಹನಿ, ಅಷ್ಟೇ. ಟ್ಯೂಬ್‌ನಿಂದ ನೇರ ಹಿಂಡಬೇಡಿ, ಹಲ್ಲುಕಡ್ಡಿಯ ತುದಿಯಲ್ಲಿ ತಗೊಂಡು ಮುಟ್ಟಿಸಿ. ಮ್ಯಾಗ್ನೆಟ್ ಇಟ್ಟು ಎರಡು ಮೂರು ನಿಮಿಷ ಕಾಯಿರಿ.

ಹನಿ ದೊಡ್ಡದಾದರೆ ಏನಾಗುತ್ತದೆ ಅಂತ ಒಂದು ಬ್ಲಾಕ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಅಂಟು ಮ್ಯಾಗ್ನೆಟ್‌ನ ಸುತ್ತಿನ ಸಂದಿಯಲ್ಲಿ ಮೇಲೇರಿ, ಗುಳಿಯ ಬಾಯಿಯ ಮೇಲೆ ಹೊಳೆಯುವ ಉಂಗುರದಂತೆ ಹರಡಿತು. ಮುಂದಿನ ಲೇಯರ್ ಆ ಉಂಗುರದ ಮೇಲೆ ಹಿಡಿಯಲಿಲ್ಲ, ಸೇತುವೆಯ ಎಳೆಗಳು ಒಂದು ತುದಿ ಬಿಟ್ಟು ಸುರುಳಿ ಸುತ್ತಿಕೊಂಡವು. ಬಿಸಿ ನಳಿಕೆ ಹಾದಾಗ ಎದ್ದ ಆವಿ ಕಣ್ಣಿಗೆ ಉರಿ ತಂದಿತು. ಕಿಟಕಿ ತೆಗೆದೇ ಈ ಕೆಲಸ ಮಾಡಿ, ಪ್ರಿಂಟರ್ ಮೇಲೆ ಮುಖ ಬಗ್ಗಿಸಬೇಡಿ.

ಅರಾಲ್ಡೈಟ್ ತರಹದ ಎರಡು ಟ್ಯೂಬ್‌ನ ಎಪಾಕ್ಸಿ ಇದಕ್ಕಿಂತ ಗಟ್ಟಿ, ಬಡಿತವನ್ನೂ ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಗಾಳಿ ಬೇಡ, ಮುಚ್ಚಳದ ಒಳಗೇ ಗಟ್ಟಿಯಾಗುತ್ತದೆ. ಆದರೆ ಮಂದವಾಗಿದ್ದು ಮ್ಯಾಗ್ನೆಟ್ಟನ್ನು ಮೇಲೆತ್ತುತ್ತದೆ, 0.2ರ ಜಾಗ ಅಲ್ಲೇ ಮುಗಿದುಹೋಗಬಹುದು. ಬೇಗ ಒಣಗುವ ಬಗೆಯಾದರೂ ಐದು ನಿಮಿಷದ ಮೇಲೆ ಕಾಯಬೇಕು. ಮ್ಯಾಗ್ನೆಟ್‌ನ ಮುಖ ತೆರೆದೇ ಇರುವ ಕೆಲಸಕ್ಕೆ, ಅಂದರೆ ಎಳೆತ ಅಂಟಿನ ಮೇಲೇ ಬೀಳುವ ಕಡೆ, ಎಪಾಕ್ಸಿಯೇ ಸರಿ. ಅಲ್ಲಿ ಅಂಟುವ ಮುಖವನ್ನು ಉಪ್ಪುಕಾಗದದಲ್ಲಿ ಲಘುವಾಗಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಮುಚ್ಚಿ ಹಾಕುವ ಕೆಲಸಕ್ಕೆ ಉಜ್ಜುವುದು ಬೇಡ, ಒರೆಸಿದರೆ ಸಾಕು.

ಗ್ಲೂ ಗನ್ ಅಂಟು ಇಲ್ಲಿಗೆ ಆಗೋದೇ ಇಲ್ಲ. 70 ಡಿಗ್ರಿ ಬೆಡ್ ಮೇಲೆ ಅದು ಮೆತ್ತಗೇ ಉಳಿಯುತ್ತದೆ, ದಪ್ಪವೂ ಜಾಸ್ತಿ.

ನಟ್‌ಗೆ ನಾನು ಅಂಟು ಹಾಕೋದಿಲ್ಲ. ಫೆವಿಕ್ವಿಕ್ ನೀರಿನಷ್ಟು ತೆಳು, ಸಂದಿ ಹುಡುಕಿಕೊಂಡು ಮರೆಯೊಳಗೆ ಹೋಗಿ ಗಟ್ಟಿಯಾದರೆ ಬೋಲ್ಟ್ ಹತ್ತೋದಿಲ್ಲ. ಗುಳಿಯಲ್ಲಿ ನಟ್ ತೀರಾ ಅಲುಗಾಡಿದರೆ ಮಕ್ಕಳ ಗ್ಲೂ ಸ್ಟಿಕ್ ಅನ್ನು ನಟ್‌ನ ಕೆಳಮುಖಕ್ಕೆ ಒಮ್ಮೆ ಸವರಿ, ಅಷ್ಟು ಸಾಕು.

ದಿಕ್ಕು ತಪ್ಪದ ಹಾಗೆ

ಎದುರುಬದುರು ಬರುವ ಬ್ಲಾಕ್‌ಗಳಲ್ಲಿ ಮ್ಯಾಗ್ನೆಟ್‌ನ ದಿಕ್ಕು ಬೇರೆ ಬೇರೆ ಇರಬೇಕು. ನನ್ನ ಮೊದಲ ಸರದಿಯಲ್ಲಿ ಎಂಟರಲ್ಲಿ ಎರಡು ತಿರುಗಿ ಕೂತಿದ್ದವು. ಒಳಗೆ ಮುಚ್ಚಿಹೋದ ಮೇಲೆ ಮಾಡೋದಕ್ಕೆ ಏನೂ ಇರಲಿಲ್ಲ, ಆ ಎರಡನ್ನೂ ಬಿಸಾಡಿದೆ. ಅಲ್ಲಿಂದ ಮುಂದೆ ಹೀಗೆ ಮಾಡುತ್ತೇನೆ.

ಎಂಟು ಮ್ಯಾಗ್ನೆಟ್ ಒಂದರ ಮೇಲೊಂದು ಕಂಬದ ಹಾಗೆ ಅಂಟಿಸಿ ನಿಲ್ಲಿಸಿ. ಹಾಗೆ ನಿಂತಾಗ ಎಲ್ಲದರ ಮೇಲ್ಮುಖ ಒಂದೇ ಧ್ರುವ. ಮೇಲಿನದಕ್ಕೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು, ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಮುಂದಿನದಕ್ಕೆ ಚುಕ್ಕೆ, ಜಾರಿಸಿ. ಚೌಕಟ್ಟಿನ ನಾಲ್ಕು ಬ್ಲಾಕ್‌ಗೆ ಚುಕ್ಕೆ ಮೇಲೆ, ಪರದೆಯ ನಾಲ್ಕಕ್ಕೆ ಚುಕ್ಕೆ ಕೆಳಗೆ. ಪರದೆಯ ಬ್ಲಾಕ್‌ಗಳ ಒಂದು ಮೂಲೆಯನ್ನು ಡಿಸೈನ್‌ನಲ್ಲೇ ಕತ್ತರಿಸಿಡಿ, ಆಗ ಬೆಡ್ ಮೇಲೆ ಯಾವುದು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಬೆಡ್ ಮೇಲೆ ಬ್ಲಾಕ್‌ಗಳ ನಡುವೆ 30 ಮಿ.ಮೀ. ಆದರೂ ಬಿಡಿ. ಹತ್ತಿರ ಇದ್ದರೆ ಈ ಗುಳಿಯ ಮ್ಯಾಗ್ನೆಟ್ ಆ ಗುಳಿಗೆ ಹಾರುತ್ತದೆ.

ನಿಂತ ಆ ಹತ್ತು ನಿಮಿಷ

ಪ್ರಿಂಟರ್ ನಿಲ್ಲುವ ಮೊದಲೇ ಎಲ್ಲ ಪಕ್ಕದಲ್ಲಿರಲಿ: ಚುಕ್ಕೆ ಇಟ್ಟ ಮ್ಯಾಗ್ನೆಟ್‌ಗಳು ಒಂದೊಂದು ಬೇರೆ ಬೇರೆಯಾಗಿ, ನಟ್‌ಗಳು, ಹಲ್ಲುಕಡ್ಡಿ, ಪ್ಲಾಸ್ಟಿಕ್ ಚಿಮಟ, ಪ್ಲಾಸ್ಟಿಕ್ ಸ್ಕೇಲ್. ಉಕ್ಕಿನ ಚಿಮಟ ತಗೊಂಡರೆ ಮ್ಯಾಗ್ನೆಟ್ ಅದನ್ನೇ ಹಿಡಿದುಕೊಂಡು ಗುಳಿಗೆ ಇಳಿಯೋದೇ ಇಲ್ಲ.

ಮೊದಲು ನಟ್‌ಗಳನ್ನು ಇಡಿ, ಆಮೇಲೆ ಒಂದೊಂದು ಗುಳಿಗೆ ಹನಿ, ಮ್ಯಾಗ್ನೆಟ್, ಬೆರಳ ತುದಿಯಿಂದ ಮೆಲ್ಲಗೆ ಒತ್ತು. ಎಂಟೂ ಆದ ಮೇಲೆ ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಪ್ರತಿ ಬ್ಲಾಕ್ ಮೇಲೆ ಸವರಿ. ತಡವರಿಸದೆ ಜಾರಬೇಕು. ಟಕ್ ಅಂತ ತಾಗಿದರೆ ಅಲ್ಲಿ ಮ್ಯಾಗ್ನೆಟ್ಟೋ ನಟ್ಟೋ ಮೇಲೆ ನಿಂತಿದೆ ಅಂತ ಅರ್ಥ. ನನಗೆ ಒಮ್ಮೆ ತಾಗಿದ್ದಕ್ಕೆ ಕಾರಣ ನಟ್‌ನ ಗುಳಿಯ ತಳದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್‌ನ ಒಂದು ಕೂದಲೆಳೆ. ನಟ್ ತೆಗೆದು, ಅದನ್ನು ಕಿತ್ತು, ಮತ್ತೆ ಇಟ್ಟಾಗ ಸರಿಹೋಯಿತು. ಇದೇ ಎಳೆ ನಳಿಕೆಗೆ ಸಿಕ್ಕಿದ್ದರೆ ಇಡೀ ಬ್ಲಾಕ್ ಕಿತ್ತುಕೊಂಡು ಹೋಗುತ್ತಿತ್ತು.

ಈ ಹೊತ್ತಿಗೆ ನಳಿಕೆಯ ತುದಿಯಲ್ಲಿ ಪ್ಲಾಸ್ಟಿಕ್ ಸೋರಿ ಇಳಿಬಿದ್ದಿರುತ್ತದೆ. ಅದನ್ನು ಚಿಮಟದಲ್ಲಿ ತೆಗೆದೇ ಮುಂದುವರಿಸಿ. ಇಲ್ಲದಿದ್ದರೆ ಆ ಗಂಟು ಮೊದಲ ಸೇತುವೆಯ ಮೇಲೇ ಬೀಳುತ್ತದೆ. ಮೊದಲ ಲೇಯರ್ ಮುಗಿಯುವ ತನಕ ಅಲ್ಲೇ ನಿಂತು ನೋಡಿ. ಎಳೆಗಳು ತಣ್ಣನೆ ಲೋಹಕ್ಕೆ ಅಂಟೋದಿಲ್ಲ, ಅಂಟಬೇಕಾಗಿಯೂ ಇಲ್ಲ. ಗೋಡೆಯಿಂದ ಗೋಡೆಗೆ ಬಿಗಿಯಾಗಿ ನಿಂತರೆ ಸಾಕು. ಸ್ವಲ್ಪ ಜೋತು ಮ್ಯಾಗ್ನೆಟ್‌ಗೆ ತಾಗಿದರೂ ಚಿಂತೆಯಿಲ್ಲ, 21, 22ನೇ ಲೇಯರ್‌ಗೆ ಸಮ ಆಗುತ್ತದೆ. ನಿಂತ ಜಾಗದಲ್ಲಿ ಹೊರಗೋಡೆಯ ಮೇಲೆ ಸಣ್ಣ ಗೆರೆ ಕಾಣುತ್ತದೆ. ಅದು ಇದ್ದೇ ಇರುತ್ತದೆ.

ಜೋಡಿಸುವಾಗ

ಬ್ಲಾಕ್ ತಣ್ಣಗಾದ ಮೇಲೆ ಎಂ4 ಬೋಲ್ಟನ್ನು ಮೇಲಿನ ತೂತಿನಲ್ಲಿ ಇಟ್ಟು ನಿಧಾನವಾಗಿ ತಿರುಗಿಸಿ. ಪೊರೆಗೆ ತಾಗಿದಾಗ ಸಣ್ಣ ತಡೆ ಗೊತ್ತಾಗುತ್ತದೆ, ಒತ್ತಿದರೆ ಚುಚ್ಚಿಕೊಂಡು ನಟ್ ಹಿಡಿಯುತ್ತದೆ. ಬಲವಂತ ಬೇಕಾದರೆ ಬೋಲ್ಟ್ ಓರೆಯಾಗಿದೆ, ತೆಗೆದು ಮತ್ತೆ ನೇರ ಇಡಿ.

ಬೋಲ್ಟ್‌ನ ಉದ್ದ ಲೆಕ್ಕ ಹಾಕಿಯೇ ತಗೊಳ್ಳಿ. ಪರದೆ ಕಡೆ 4 ಮಿ.ಮೀ. ಪಟ್ಟಿ, ಅರ್ಧ ಮಿ.ಮೀ. ಬಲೆ, 8 ಮಿ.ಮೀ. ಬ್ಲಾಕ್, ಒಟ್ಟು 12.5. ಅಲ್ಲಿಗೆ 12 ಮಿ.ಮೀ. ಬೋಲ್ಟ್ ಸರಿ. ಚೌಕಟ್ಟಿನ ಕಡೆ 25.4 ಸೆಕ್ಷನ್, 8 ಬ್ಲಾಕ್, ಅದರ ಮೇಲೆ 0.8ರ ಎರಡು ವಾಷರ್, ಒಟ್ಟು 35. ಅಲ್ಲಿಗೆ 35ರ ಬೋಲ್ಟ್. ತುದಿ ಮುಖದಿಂದ ಅರ್ಧ ಮಿ.ಮೀ. ಹೊರಗೆ ಬಂದರೂ ಎರಡು ಬ್ಲಾಕ್ ಪೂರ್ತಿ ಕೂಡೋದಿಲ್ಲ. ಪರದೆ ಮುಚ್ಚಿದ ಹಾಗೆ ಕಂಡರೂ ಹಿಡಿತ ಅರ್ಧವೂ ಇರೋದಿಲ್ಲ. ಬೆರಳು ಸವರಿ ನೋಡಿ, ತುದಿ ತಾಗಿದರೆ ಇನ್ನೊಂದು ವಾಷರ್ ಹಾಕಿ.

ಉಳಿದ ಬಿಡಿ ಮ್ಯಾಗ್ನೆಟ್‌ಗಳನ್ನು ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಅದು ಪ್ರಾಣಕ್ಕೆ ಅಪಾಯ. ಬ್ಲಾಕ್ ಬಿರುಕು ಬಿಟ್ಟಿದ್ದು ಕಂಡರೆ ಅದನ್ನೂ ಆ ದಿನವೇ ಬದಲಿಸಿ.

ಮೂರು ಬೆಳೆ ಆದ ಮೇಲೆ ಚಿಕ್ಕಮ್ಮನ ಬಾಗಿಲಿಂದ ಒಂದು ಬ್ಲಾಕ್ ತಂದು ಗರಗಸದಲ್ಲಿ ಸೀಳಿದೆ. ಹೊರಗೆ ಬ್ಲೀಚಿಂಗ್ ನೀರಿನ ಬಿಳಿ ಕಲೆಗಳಿದ್ದವು, ಮ್ಯಾಗ್ನೆಟ್ ಒಳಗೆ ಹಾಕಿದ ದಿನದ ಹಾಗೇ ಹೊಳೆಯುತ್ತಿತ್ತು. ಅಂಟು ಮಾತ್ರ ತಳದಿಂದ ಬಿಟ್ಟುಕೊಂಡಿತ್ತು, ಉಗುರಿನಲ್ಲಿ ಎಬ್ಬಿಸಿದ ಕೂಡಲೇ ಮ್ಯಾಗ್ನೆಟ್ ಎದ್ದು ಬಂತು. ಪರದೆಯಲ್ಲಿ ಇದ್ದಷ್ಟು ದಿನ ಅದು ಯಾರಿಗೂ ಗೊತ್ತಾಗಿರಲಿಲ್ಲ.